ಭಾಷೆ ಸರಳವಾಗಲಿ, ಲೆಕ್ಕ ಹಾಗೇ ಇರಲಿ: ಗಣಿತದ ಪ್ರಶ್ನೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಗಣಿತದ ಪಠ್ಯಪುಸ್ತಕ ಮತ್ತು ಪ್ರಶ್ನೆಪತ್ರಿಕೆಗಳನ್ನು ಬರೆಯುವ, ತಿದ್ದುವ, ಒಪ್ಪಿಗೆ ಕೊಡುವ ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಒಂದು ಭಾಷೆ ಮಾತಾಡಿ, ಶಾಲೆಯಲ್ಲಿ ಇನ್ನೊಂದು ಭಾಷೆಯಲ್ಲಿ ಕಲಿಯುವ ಮಕ್ಕಳಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಅವರ ಪರವಾಗಿ ನಿಮ್ಮಲ್ಲಿ ಒಂದು ಕೋರಿಕೆ ಇದೆ. ವಾಕ್ಯರೂಪದ ಲೆಕ್ಕಗಳ ಭಾಷೆಯನ್ನು ಸರಳ ಮಾಡಿ, ಆದರೆ ಒಳಗಿನ ಲೆಕ್ಕವನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೇ ಕೇಳುವುದಕ್ಕೆ ಕಾರಣವಿದೆ. ಭಾಷೆ ಕಷ್ಟ ಎಂದು ದೂರು ಬಂದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ‘ಮಕ್ಕಳು ಭಾಷೆಯನ್ನೂ ಕಲಿಯಬೇಕಲ್ಲ’ ಎಂದು ಪ್ರಶ್ನೆಯನ್ನು ಇದ್ದಂತೆಯೇ ಬಿಡುತ್ತಾರೆ. ಇಲ್ಲವೇ ಇಡೀ ಪ್ರಶ್ನೆಯನ್ನು ಎಷ್ಟು ಹಗುರ ಮಾಡುತ್ತಾರೆಂದರೆ, ಯೋಚಿಸಬೇಕಾಗಿದ್ದ ಭಾಗವೇ ಮಾಯವಾಗುತ್ತದೆ. ಮೊದಲನೆಯದರಿಂದ ಲೆಕ್ಕ ಗೊತ್ತಿರುವ ಮಗು ಸೋಲುತ್ತದೆ. ಎರಡನೆಯದರಿಂದ ಆ ಮಗುವಿಗೆ ಲೆಕ್ಕ ಕಲಿಯುವ ಅವಕಾಶವೇ ತಪ್ಪುತ್ತದೆ.

ಸುಮ್ನೆ ಮಾತಲ್ಲಿ ಹೇಳಿದರೆ ಇದು ಸ್ಪಷ್ಟವಾಗುವುದಿಲ್ಲ. ಒಂದು ಲೆಕ್ಕವನ್ನೇ ಎದುರಿಗೆ ಇಟ್ಟುಕೊಳ್ಳೋಣ. ಯಾವ ಭಾಷೆಯಲ್ಲಾದರೂ ಇಂಥ ಪ್ರಶ್ನೆಗಳು ಸಿಗುತ್ತವೆ. ನಾನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಕನ್ನಡದ್ದೇ ಉದಾಹರಣೆ ಕೊಡುತ್ತೇನೆ. ಪಠ್ಯಪುಸ್ತಕಗಳ ಶೈಲಿಯಲ್ಲಿ ನಾನೇ ಬರೆದ ಲೆಕ್ಕ ಇದು:

‘ಒಂದು ಜಲಸಂಗ್ರಹಾಗಾರದಲ್ಲಿ ಶೇಖರಿಸಲಾಗಿರುವ ನೀರಿನ ಪ್ರಮಾಣವು ಮತ್ತೊಂದರಲ್ಲಿ ಶೇಖರಿಸಲಾಗಿರುವ ಪ್ರಮಾಣಕ್ಕಿಂತ 60 ಲೀಟರ್‌ಗಳಷ್ಟು ಅಧಿಕವಾಗಿದ್ದು, ಪ್ರತಿ ನಿಮಿಷಕ್ಕೆ 12 ಲೀಟರ್‌ಗಳಂತೆ ನೀರನ್ನು ಹೊರಬಿಡಲಾದಾಗ ಮೊದಲನೆಯದು 25 ನಿಮಿಷಗಳಲ್ಲಿ ಸಂಪೂರ್ಣವಾಗಿ ಬರಿದಾಗುವುದಾದರೆ, ಎರಡನೆಯದರಲ್ಲಿ ಶೇಖರಿಸಲಾಗಿರುವ ನೀರಿನ ಪ್ರಮಾಣವನ್ನು ಕಂಡುಹಿಡಿಯಿರಿ.’

ಇಲ್ಲಿ ಗಣಿತ ಇರುವುದು ಎರಡೇ ಹೆಜ್ಜೆ. ಮೊದಲ ತೊಟ್ಟಿಯಲ್ಲಿದ್ದ ನೀರು 12 × 25 = 300 ಲೀಟರ್. ಅದು ಎರಡನೆಯದಕ್ಕಿಂತ 60 ಲೀಟರ್ ಹೆಚ್ಚು. ಅಂದರೆ ಎರಡನೆಯದರಲ್ಲಿ 300 − 60 = 240 ಲೀಟರ್. ಗುಣಾಕಾರ ಸುಲಭ, ವ್ಯವಕಲನ ಇನ್ನೂ ಸುಲಭ. ನಿಜವಾಗಿ ಯೋಚಿಸಬೇಕಾದದ್ದು ಒಂದೇ ಜಾಗದಲ್ಲಿ: ‘ಹೆಚ್ಚು’ ಎಂದು ಓದಿದರೂ ಕಳೆಯಬೇಕು. ಯಾಕೆಂದರೆ ಹೆಚ್ಚು ಇರುವುದು ನಮಗೆ ಗೊತ್ತಾದ ತೊಟ್ಟಿಯಲ್ಲಿ, ಕೇಳಿರುವುದು ಇನ್ನೊಂದನ್ನು. ಈ ಲೆಕ್ಕದ ತಿರುಳು ಅದೇ. ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಅದರದ್ದೇ ಮಾತು ಬರುತ್ತದೆ.

ಈಗ ಭಾಷೆಯನ್ನು ನೋಡಿ. ಇಡೀ ಪ್ರಶ್ನೆ ಒಂದೇ ವಾಕ್ಯ. ಏನು ಕೇಳುತ್ತಿದ್ದಾರೆ ಎನ್ನುವುದು ಕೊನೆಯ ತುದಿಯಲ್ಲಿದೆ. ಅಲ್ಲಿಗೆ ಮುಟ್ಟುವವರೆಗೆ ಮಗು 60, 12, 25 ಈ ಮೂರು ಸಂಖ್ಯೆಗಳನ್ನೂ ಅವುಗಳ ಸಂಬಂಧವನ್ನೂ ತಲೆಯಲ್ಲಿ ಹಿಡಿದುಕೊಂಡಿರಬೇಕು. ‘ಶೇಖರಿಸಲಾಗಿರುವ’, ‘ಹೊರಬಿಡಲಾದಾಗ’ ಎನ್ನುವಲ್ಲಿ ಯಾರು ಏನು ಮಾಡಿದರು ಎಂಬುದೇ ಇಲ್ಲ. ‘ಮತ್ತೊಂದರಲ್ಲಿ’, ‘ಮೊದಲನೆಯದು’, ‘ಎರಡನೆಯದರಲ್ಲಿ’ ಇವೆಲ್ಲ ಹೆಸರಿನ ಬದಲಿಗೆ ಬಂದ ಮಾತುಗಳು. ಪ್ರತಿ ಸಲ ಹಿಂದೆ ತಿರುಗಿ ಯಾವುದು ಯಾವುದು ಎಂದು ಹುಡುಕಬೇಕು. ‘ಮತ್ತೊಂದು’ ಎಂದದ್ದೇ ಆಮೇಲೆ ‘ಎರಡನೆಯದು’ ಆಗಿದೆ ಎಂದು ಯಾರೂ ಹೇಳಿಲ್ಲ, ಓದುವವರೇ ಊಹಿಸಬೇಕು. ನೀರು ಹೊರಹೋಗುವ ಮಾತು ಬರುವಾಗ ಅದು ಯಾವ ತೊಟ್ಟಿಯ ನೀರು ಎನ್ನುವುದು ಇನ್ನೂ ಗೊತ್ತಾಗಿರುವುದಿಲ್ಲ. ‘ಜಲಸಂಗ್ರಹಾಗಾರ’ ಎಂಬ ಪದವಂತೂ ಈ ಲೆಕ್ಕಕ್ಕೆ ಬೇಕಾಗಿಯೇ ಇಲ್ಲ.

ಇದರಲ್ಲಿ ಯಾವುದೂ ಗಣಿತ ಅಲ್ಲ. ಆ ಭಾಷೆಯನ್ನು ಮನೆಯಲ್ಲೂ ಆಡುವ ಮಗು ಇದನ್ನೆಲ್ಲ ಹೇಗೋ ದಾಟಿಕೊಳ್ಳುತ್ತದೆ. ಶಾಲೆಯಲ್ಲಿ ಮಾತ್ರ ಆ ಭಾಷೆ ಕೇಳುವ ಮಗುವಿಗೆ ಇಷ್ಟರಲ್ಲೇ ಶಕ್ತಿ ಮುಗಿದಿರುತ್ತದೆ.

ಆಗ ಮಕ್ಕಳು ಏನು ಬರೆಯುತ್ತಾರೆ? ಕೆಲವರು 97 ಎಂದು ಬರೆಯುತ್ತಾರೆ. ಕಂಡ ಮೂರೂ ಸಂಖ್ಯೆಗಳನ್ನು ಕೂಡಿದ್ದಾರೆ, ಅಷ್ಟೆ. ಇನ್ನು ಕೆಲವರು 300ಕ್ಕೆ ನಿಲ್ಲಿಸುತ್ತಾರೆ. ಒಂದಷ್ಟು ಜನ 360 ಎನ್ನುತ್ತಾರೆ. ಉತ್ತರಪತ್ರಿಕೆ ತಿದ್ದುವವರಿಗೆ ಮೂರೂ ತಪ್ಪು, ಮೂರಕ್ಕೂ ಸೊನ್ನೆ. ಆದರೆ ಈ ಮೂರು ತಪ್ಪುಗಳು ಬೇರೆ ಬೇರೆ ಸುದ್ದಿ ಹೇಳುತ್ತವೆ. 97 ಬರೆದವರಿಗೆ ಪ್ರಶ್ನೆ ಒಳಗೆ ಹೋಗಿಯೇ ಇಲ್ಲ. 300 ಬರೆದವರು ಅರ್ಧ ದಾರಿ ಸರಿಯಾಗಿ ಬಂದಿದ್ದಾರೆ, ಕೇಳಿದ್ದು ಯಾವ ತೊಟ್ಟಿ ಎಂಬುದು ತಪ್ಪಿಹೋಗಿದೆ. 360 ಬರೆದವರು ಎಲ್ಲವನ್ನೂ ಓದಿದ್ದಾರೆ, ‘ಹೆಚ್ಚು’ ಎನ್ನುವಲ್ಲಿ ಎಡವಿದ್ದಾರೆ. ಈ ಕೊನೆಯದು ಮಾತ್ರ ಗಣಿತದ ತಪ್ಪು ಇರಬಹುದು. ಇರಬಹುದು ಅಂತ ಯಾಕೆ ಹೇಳುತ್ತೇನೆಂದರೆ, ಅಷ್ಟು ಗೋಜಲಿನ ವಾಕ್ಯದಲ್ಲಿ ಯಾವುದು ಯಾವುದಕ್ಕಿಂತ ಹೆಚ್ಚು ಎಂಬುದನ್ನೇ ಉಲ್ಟಾ ಓದಿಕೊಂಡಿರುವ ಸಾಧ್ಯತೆಯೂ ಇದೆ.

ತಪ್ಪು ಎಲ್ಲಿ ಆಯಿತು ಎಂದು ಕಂಡುಕೊಳ್ಳಲು ಒಂದು ಒಳ್ಳೆಯ ವಿಧಾನ ನಮ್ಮ ಕೈಯಲ್ಲೇ ಇದೆ. ಆಸ್ಟ್ರೇಲಿಯಾದ ಆನ್ ನ್ಯೂಮನ್ 1977ರಲ್ಲಿ ಪ್ರಕಟಿಸಿದ ವಿಧಾನ ಅದು. ವಾಕ್ಯರೂಪದ ಲೆಕ್ಕ ಬಿಡಿಸಲು ಮಗು ಐದು ಮೆಟ್ಟಿಲು ದಾಟಬೇಕು ಎನ್ನುತ್ತಾರೆ ಅವರು: ಓದುವುದು, ಅರ್ಥ ಮಾಡಿಕೊಳ್ಳುವುದು, ಅದನ್ನು ಲೆಕ್ಕದ ರೂಪಕ್ಕೆ ತರುವುದು, ಲೆಕ್ಕ ಮಾಡುವುದು, ಉತ್ತರವನ್ನು ಸರಿಯಾಗಿ ಬರೆಯುವುದು. ತಪ್ಪು ಮಾಡಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕ್ರಮದಲ್ಲಿ ಕೇಳಬೇಕು. ‘ಈ ಪ್ರಶ್ನೆ ಓದು. ಇದರಲ್ಲಿ ಏನು ಕೇಳಿದ್ದಾರೆ ಹೇಳು. ಹೇಗೆ ಕಂಡುಹಿಡಿಯುತ್ತೀಯ? ಮಾಡಿ ತೋರಿಸು. ಈಗ ಉತ್ತರ ಬರೆ.’ ಮಗು ಮೊದಲು ನಿಂತುಹೋಗುವ ಜಾಗವೇ ತಪ್ಪಿನ ಜಾಗ. ‘ಏನು ಕೇಳಿದ್ದಾರೆ’ ಎನ್ನುವುದಕ್ಕೆ ಮಗು ಮನೆಮಾತಿನಲ್ಲಿ ಉತ್ತರ ಹೇಳಿದರೂ ಒಪ್ಪಿಕೊಳ್ಳಬೇಕು. ಅದೇ ಭಾಷೆ ಗೊತ್ತಿರುವ ಇನ್ನೊಂದು ಮಗುವಿನ ಸಹಾಯ ಪಡೆದರೂ ಆಯಿತು.

ನನ್ನ ತರಗತಿಯಲ್ಲಿ ಹೀಗೆ ಕೇಳಿದಾಗ ಒಬ್ಬಳು ಹುಡುಗಿ ಇಡೀ ವಾಕ್ಯವನ್ನು ಎಲ್ಲೂ ತಡವರಿಸದೆ ಓದಿದಳು. ‘ಏನು ಕೇಳಿದ್ದಾರಮ್ಮ?’ ಎಂದರೆ, ‘ನೀರು ಎಷ್ಟು ಹೊರಗೆ ಹೋಯಿತು ಅಂತ ಕೇಳಿದ್ದಾರೆ ಮಿಸ್’ ಎಂದಳು. 300 ಎಂದು ಬರೆದಿದ್ದಳು. ಅವಳು ತನಗೆ ಅರ್ಥವಾದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು, ಅಲ್ವಾ? ಚೆನ್ನಾಗಿ ಓದುವ ಮಕ್ಕಳನ್ನು ನೋಡಿ ‘ಇವರಿಗೆ ಭಾಷೆಯ ತೊಂದರೆ ಇಲ್ಲ’ ಎಂದು ತೀರ್ಮಾನಿಸುವುದು ಎಷ್ಟು ಅಪಾಯ ಎನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ಸರಳ ಮಾಡುವ ಕೆಲಸಕ್ಕೆ ಬರೋಣ. ಮೊದಲು ಹೇಗೆ ಮಾಡಬಾರದು ಎಂದು ನೋಡೋಣ, ಯಾಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಕೆಡುವ ಕೆಲಸ ಇದು.

‘ಮೊದಲ ತೊಟ್ಟಿಯಲ್ಲಿ 300 ಲೀಟರ್ ನೀರಿದೆ. ಎರಡನೆಯ ತೊಟ್ಟಿಯಲ್ಲಿ ಅದಕ್ಕಿಂತ 60 ಲೀಟರ್ ಕಡಿಮೆ ಇದೆ. ಎರಡನೆಯ ತೊಟ್ಟಿಯಲ್ಲಿ ಎಷ್ಟು ನೀರಿದೆ?’

ಓದಲು ಹಿತವಾಗಿದೆ. ಆದರೆ ಇದು ಬೇರೆಯದೇ ಲೆಕ್ಕ. ನಿಮಿಷಕ್ಕೆ ಇಷ್ಟು ಎಂಬ ದರದಿಂದ ಒಟ್ಟು ನೀರನ್ನು ಕಂಡುಹಿಡಿಯುವ ಹೆಜ್ಜೆ ಹೋಯಿತು. ಇದು ಯಾರ ಕಣ್ಣಿಗಾದರೂ ಬೀಳುತ್ತದೆ. ಕಣ್ಣಿಗೆ ಬೀಳದಂತೆ ನಡೆದದ್ದು ಇನ್ನೊಂದಿದೆ. ‘ಮೊದಲನೆಯದು ಎರಡನೆಯದಕ್ಕಿಂತ 60 ಹೆಚ್ಚು’ ಎಂದಿದ್ದದ್ದು ‘ಎರಡನೆಯದು ಮೊದಲನೆಯದಕ್ಕಿಂತ 60 ಕಡಿಮೆ’ ಎಂದಾಗಿದೆ. ಎರಡೂ ಮಾತಿನ ಅರ್ಥ ಒಂದೇ. ಗಣಿತದ ದೃಷ್ಟಿಯಿಂದ ಎರಡೂ ಸಮ. ಹಾಗಾದರೆ ಬದಲಾಯಿಸಿದರೆ ಏನು ತಪ್ಪು?

ತಪ್ಪು ಇದೆ. ಮೊದಲ ರೂಪದಲ್ಲಿ ಮಗು ಆ ಸಂಬಂಧವನ್ನು ತಾನೇ ತಿರುಗಿಸಿ ನೋಡಬೇಕಿತ್ತು. ಎರಡನೆಯ ರೂಪದಲ್ಲಿ ನಾವೇ ತಿರುಗಿಸಿ ಕೊಟ್ಟುಬಿಟ್ಟೆವು. ಈಗ ‘ಕಡಿಮೆ’ ಎಂದು ಕಂಡ ತಕ್ಷಣ ಕಳೆದರೆ ಸಾಕು, ಯೋಚನೆಯೇ ಬೇಡ. ಲೂಯಿಸ್ ಮತ್ತು ಮೇಯರ್ ಎಂಬ ಸಂಶೋಧಕರು 1987ರಲ್ಲಿ ಇದೇ ವಿಷಯದ ಮೇಲೆ ಕೆಲಸ ಮಾಡಿದ್ದಾರೆ. ಮಾಡಬೇಕಾದ ಕ್ರಿಯೆಗೂ ಪ್ರಶ್ನೆಯಲ್ಲಿರುವ ಪದಕ್ಕೂ ಹೊಂದಿಕೆ ಇಲ್ಲದಿದ್ದಾಗ, ಅಂದರೆ ‘ಹೆಚ್ಚು’ ಎಂದಿದ್ದರೂ ಕಳೆಯಬೇಕಾದಾಗ, ಓದುಗರು ಉಲ್ಟಾ ಕ್ರಿಯೆ ಮಾಡುವ ತಪ್ಪು ಜಾಸ್ತಿಯಾಗುತ್ತದೆ ಎಂದು ಅವರು ತೋರಿಸಿದರು. ಅವರು ಪರೀಕ್ಷಿಸಿದ್ದು ಕಾಲೇಜು ವಿದ್ಯಾರ್ಥಿಗಳನ್ನು. ಅಂದರೆ ಇದು ಭಾಷೆ ಬಾರದವರ ತೊಂದರೆ ಮಾತ್ರ ಅಲ್ಲ. ಸಂಬಂಧವನ್ನು ತಿರುಗಿಸಿ ನೋಡುವುದು ಎಲ್ಲರೂ ಕಲಿಯಬೇಕಾದ ವಿಷಯ. ಬೀಜಗಣಿತ ಶುರುವಾಗುವುದೇ ಅಲ್ಲಿ. ಅದನ್ನು ಭಾಷೆಯ ಹೆಸರಿನಲ್ಲಿ ತೆಗೆದರೆ, ಯಾವ ಮಕ್ಕಳಿಗೆ ಸಹಾಯ ಮಾಡಲು ಹೊರಟೆವೋ ಅವರಿಗೇ ಅದು ಸಿಗದಂತೆ ಮಾಡಿದ ಹಾಗೆ.

ಆದ್ದರಿಂದ ನಾನು ಹೀಗೆ ಬರೆಯುತ್ತೇನೆ:

‘ಎರಡು ತೊಟ್ಟಿಗಳಲ್ಲಿ ನೀರಿದೆ. ಮೊದಲ ತೊಟ್ಟಿಯಲ್ಲಿ ಎರಡನೆಯ ತೊಟ್ಟಿಗಿಂತ 60 ಲೀಟರ್ ಹೆಚ್ಚು ನೀರಿದೆ. ಮೊದಲ ತೊಟ್ಟಿಯ ನಲ್ಲಿಯನ್ನು ತೆರೆದೆವು. ಅದರಿಂದ ಪ್ರತಿ ನಿಮಿಷಕ್ಕೆ 12 ಲೀಟರ್ ನೀರು ಹೊರಗೆ ಹೋಗುತ್ತದೆ. 25 ನಿಮಿಷಗಳಲ್ಲಿ ಮೊದಲ ತೊಟ್ಟಿ ಪೂರ್ತಿ ಖಾಲಿಯಾಗುತ್ತದೆ. ಎರಡನೆಯ ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ?’

ಮೂರು ಸಂಖ್ಯೆಗಳೂ ಅವೇ, ಬಂದ ಕ್ರಮವೂ ಅದೇ. 300 ಎಂಬ ಸಂಖ್ಯೆಯನ್ನು ಈಗಲೂ ಮಗುವೇ ಕಂಡುಹಿಡಿಯಬೇಕು. ‘ಅಧಿಕ’ ಎಂದಿದ್ದಲ್ಲೇ ಈಗ ‘ಹೆಚ್ಚು’ ಎಂದಿದೆ, ತಿರುಗಿಸುವ ಕೆಲಸ ಮಗುವಿಗೇ ಉಳಿದಿದೆ. ‘ಪ್ರತಿ ನಿಮಿಷಕ್ಕೆ’ ಎಂಬುದನ್ನೂ ತೆಗೆದಿಲ್ಲ, ಯಾಕೆಂದರೆ ದರ ಎನ್ನುವುದು ಗಣಿತದ ಮಾತು. ಬದಲಾದದ್ದು ಇಷ್ಟು: ಒಂದು ವಾಕ್ಯ ಆರು ವಾಕ್ಯವಾಯಿತು. ಪ್ರತಿ ವಾಕ್ಯದಲ್ಲೂ ಒಂದೊಂದೇ ಸಂಗತಿ. ತೊಟ್ಟಿಗೆ ಒಂದೇ ಹೆಸರು, ಪ್ರತಿ ಸಲ ಅದೇ ಹೆಸರು. ನಲ್ಲಿ ತೆರೆದದ್ದು ಯಾರು, ನೀರು ಹೋದದ್ದು ಎಲ್ಲಿಂದ ಎಂಬುದು ಸ್ಪಷ್ಟ. ಪ್ರಶ್ನೆ ಕೊನೆಯಲ್ಲಿ ಪ್ರತ್ಯೇಕವಾಗಿ ನಿಂತಿದೆ, ‘ಕಂಡುಹಿಡಿಯಿರಿ’ ಎಂದಲ್ಲ, ‘ಎಷ್ಟು’ ಎಂದು.

ಒಂದು ವಿಷಯ ಗಮನಿಸಿ. ಪ್ರಶ್ನೆ ಚಿಕ್ಕದಾಗಿಲ್ಲ. ಪದಗಳು ಸ್ವಲ್ಪ ಜಾಸ್ತಿಯೇ ಆಗಿವೆ. ಸರಳ ಮಾಡುವುದೆಂದರೆ ಕತ್ತರಿಸುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪುಟದಲ್ಲಿ ಜಾಗ ಉಳಿಯುತ್ತದೆ ಎನ್ನುವ ಲೋಭವೂ ಇದೆ. ‘ತೊಟ್ಟಿ ಒಂದು, ತೊಟ್ಟಿ ಎರಡಕ್ಕಿಂತ 60 ಲೀ. ಅಧಿಕ. ಹೊರಹರಿವು 12 ಲೀ./ನಿ. ಸಮಯ 25 ನಿ.’ ಎಂದು ಬರೆದರೆ ಪದ ಕಡಿಮೆ, ನಿಜ. ಆದರೆ ಯಾವ ತೊಟ್ಟಿ, ಏನಾಯಿತು ಎನ್ನುವ ಕೊಂಡಿಗಳೇ ಕಳಚಿಹೋದವು. ಭಾಷೆ ಚೆನ್ನಾಗಿ ಬರುವವರು ಮಾತ್ರ ಆ ಕೊಂಡಿಗಳನ್ನು ಊಹಿಸಿಕೊಳ್ಳಬಲ್ಲರು. ಹಾಗಾಗಿ ದಯವಿಟ್ಟು ಪದಗಳನ್ನು ಎಣಿಸಬೇಡಿ.

ತಿದ್ದುವಾಗ ಇನ್ನೂ ಸೂಕ್ಷ್ಮವಾಗಿ ಕೈ ಹಾಕಬೇಕಾದ ಜಾಗ ಒಂದಿದೆ. ಕೆಲವು ಪುಟ್ಟ ಪದಗಳು ನೋಡಲು ಭಾಷೆಯ ಹಾಗೆ ಕಾಣುತ್ತವೆ, ಆದರೆ ಗಣಿತವನ್ನು ಹೊತ್ತಿರುವುದು ಅವೇ. ಉದಾಹರಣೆಗೆ, ‘80 ಇದ್ದದ್ದು 20ಕ್ಕೆ ಇಳಿಯಿತು’ ಮತ್ತು ‘80 ಇದ್ದದ್ದು 20ರಷ್ಟು ಇಳಿಯಿತು’. ಒಂದರಲ್ಲಿ ಉಳಿದದ್ದು 20, ಇನ್ನೊಂದರಲ್ಲಿ ಉಳಿದದ್ದು 60. ವ್ಯತ್ಯಾಸ ಇರುವುದು ಒಂದು ಪ್ರತ್ಯಯದಲ್ಲಿ. ಎರಡನೆಯ ಭಾಷೆಯಾಗಿ ಕಲಿಯುವ ಮಗು ಮೊದಲು ತಪ್ಪಿಸಿಕೊಳ್ಳುವುದೇ ಇಂಥವನ್ನು, ಯಾಕೆಂದರೆ ದಿನದ ಮಾತಿನಲ್ಲಿ ಪ್ರತ್ಯಯ ತಪ್ಪಿದರೂ ಎದುರಿನವರಿಗೆ ಅರ್ಥವಾಗಿಬಿಡುತ್ತದೆ. ಲೆಕ್ಕದಲ್ಲಿ ಹಾಗಲ್ಲ.

‘ಕನಿಷ್ಠ’, ‘ಗರಿಷ್ಠ’ ಎಂಬ ಪದಗಳೂ ಹಾಗೆಯೇ. ಈ ಲೆಕ್ಕ ನೋಡಿ: ‘ಒಂದು ಪೆಟ್ಟಿಗೆಯಲ್ಲಿ ಗರಿಷ್ಠ 48 ಪುಸ್ತಕಗಳನ್ನು ಇಡಬಹುದು. 500 ಪುಸ್ತಕಗಳನ್ನು ಇಡಲು ಕನಿಷ್ಠ ಎಷ್ಟು ಪೆಟ್ಟಿಗೆಗಳು ಬೇಕು?’ ಹತ್ತು ಪೆಟ್ಟಿಗೆಯಲ್ಲಿ 480 ಪುಸ್ತಕ ಹಿಡಿಸುತ್ತವೆ, 20 ಉಳಿಯುತ್ತವೆ, ಅದಕ್ಕೆ ಇನ್ನೊಂದು ಪೆಟ್ಟಿಗೆ ಬೇಕು. ಉತ್ತರ 11. ಈ ಎರಡು ಪದ ಕಷ್ಟ ಎಂದು ಸುಮ್ನೆ ತೆಗೆದುಹಾಕಿದರೆ ಏನಾಗುತ್ತದೆ? ‘ಒಂದು ಪೆಟ್ಟಿಗೆಯಲ್ಲಿ 48 ಪುಸ್ತಕ ಇಡಬಹುದು, 500 ಪುಸ್ತಕ ಇಡಲು ಎಷ್ಟು ಪೆಟ್ಟಿಗೆ ಬೇಕು’ ಎಂದರೆ, ಪೆಟ್ಟಿಗೆಗೆ 25ರಂತೆ ಇಟ್ಟು 20 ಪೆಟ್ಟಿಗೆ ಎನ್ನುವ ಮಗುವನ್ನು ತಪ್ಪು ಎನ್ನಲು ನಮಗೆ ಆಧಾರವಿಲ್ಲ. ಷರತ್ತೇ ಹೋಗಿಬಿಟ್ಟಿದೆ. ಇನ್ನು ಕೆಲವರು ಮಕ್ಕಳಿಗೆ ಸುಲಭವಾಗಲಿ ಎಂದು 500ರ ಬದಲು 480 ಹಾಕುತ್ತಾರೆ. ಆಗ ಭಾಗಾಕಾರ ನಿಶ್ಶೇಷವಾಗಿ ಮುಗಿಯುತ್ತದೆ, ಉಳಿದ ಪುಸ್ತಕಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಲೆಕ್ಕ ಇದ್ದದ್ದೇ ಶೇಷದ ಅರ್ಥ ತಿಳಿಯುವುದಕ್ಕೆ.

ಇಂಥಲ್ಲಿ ಷರತ್ತನ್ನು ಬಿಡಿಸಿ ಹೇಳಬೇಕು: ‘ಒಂದು ಪೆಟ್ಟಿಗೆಯಲ್ಲಿ 48 ಪುಸ್ತಕಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ನಮ್ಮ ಹತ್ತಿರ 500 ಪುಸ್ತಕಗಳಿವೆ. ಎಲ್ಲ ಪುಸ್ತಕಗಳನ್ನೂ ಪೆಟ್ಟಿಗೆಗಳಲ್ಲಿ ಇಡಬೇಕು. ಆದಷ್ಟು ಕಡಿಮೆ ಪೆಟ್ಟಿಗೆಗಳನ್ನು ಬಳಸಬೇಕು. ಎಷ್ಟು ಪೆಟ್ಟಿಗೆಗಳು ಬೇಕು?’ ಆ ಪಾಠದ ಗುರಿಯೇ ‘ಕನಿಷ್ಠ’, ‘ಗರಿಷ್ಠ’ ಪದಗಳನ್ನು ಕಲಿಸುವುದಾಗಿದ್ದರೆ ಪದಗಳನ್ನೂ ಇಟ್ಟುಕೊಂಡು, ಪಕ್ಕದಲ್ಲಿ ಅರ್ಥ ಕೊಡಿ. ಗಣಿತಕ್ಕೆ ತನ್ನದೇ ಆದ ಪದಗಳಿವೆ: ಶೇಷ, ಸರಾಸರಿ, ಪರಿಧಿ, ಭಿನ್ನರಾಶಿ. ಇವುಗಳನ್ನು ನಾನು ತೆಗೆಯಲು ಕೇಳುತ್ತಿಲ್ಲ. ಇವು ತರಗತಿಯಲ್ಲಿ ಕಲಿಸಬೇಕಾದ ಪದಗಳು, ಕಲಿಸಿದ ಮೇಲೆ ಪರೀಕ್ಷೆಯಲ್ಲಿ ಬರಲೇಬೇಕು. ‘ಜಲಸಂಗ್ರಹಾಗಾರ’ ಮತ್ತು ‘ಶೇಷ’ ಎರಡೂ ಮಗುವಿಗೆ ಹೊಸ ಪದಗಳೇ. ಮೊದಲನೆಯದನ್ನು ತೆಗೆದರೆ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಎರಡನೆಯದನ್ನು ತೆಗೆದರೆ ಪಾಠವೇ ಹೋಗುತ್ತದೆ.

ತಿದ್ದಿದ ಮೇಲೆ ಲೆಕ್ಕ ಹಾಗೇ ಇದೆಯೇ ಎಂದು ಹೇಗೆ ತಿಳಿಯುವುದು? ತಿದ್ದಿದವರ ಕಣ್ಣನ್ನು ನಂಬುವಂತಿಲ್ಲ. ಅವರಿಗೆ ಉತ್ತರ ಮೊದಲೇ ಗೊತ್ತು. ನಾನು ಮಾಡುವ ವಿಧಾನ ಹೇಳುತ್ತೇನೆ. ತಿದ್ದುವ ಮೊದಲೇ ಮೂಲ ಪ್ರಶ್ನೆಯಿಂದ ನೇರವಾಗಿ ಸಿಗುವ ಸಂಬಂಧಗಳನ್ನು ಒಂದು ಕಾಗದದ ಮೇಲೆ ಬರೆದಿಡಬೇಕು. ಮೊದಲ ತೊಟ್ಟಿಯ ನೀರನ್ನು `a`, ಎರಡನೆಯದನ್ನು `b` ಎಂದುಕೊಂಡರೆ ನಮ್ಮ ಲೆಕ್ಕದಲ್ಲಿ ಸಿಗುವುದು ಇವು:

```
a = b + 60
a = 12 × 25
b = ?
```

ಆಮೇಲೆ ತಿದ್ದಿದ ಪ್ರಶ್ನೆಯನ್ನು ಮೂಲವನ್ನು ನೋಡಿಯೇ ಇರದ ಇನ್ನೊಬ್ಬ ಶಿಕ್ಷಕರಿಗೆ ಕೊಡಬೇಕು. ‘ಬಿಡಿಸಬೇಡಿ, ವಾಕ್ಯ ಏನು ಹೇಳುತ್ತದೋ ಅದನ್ನಷ್ಟೇ ಬರೆಯಿರಿ’ ಎನ್ನಬೇಕು. ಅವರು `a = b + 60` ಎಂದು ಬರೆದರೆ ಲೆಕ್ಕ ಉಳಿದಿದೆ. `b = a − 60` ಎಂದು ಬರೆದರೆ ನಾವು ಎಲ್ಲೋ ಸಂಬಂಧವನ್ನು ತಿರುಗಿಸಿಬಿಟ್ಟಿದ್ದೇವೆ. `a = 300` ಎಂದರೆ ಒಂದು ಹೆಜ್ಜೆಯನ್ನೇ ನುಂಗಿದ್ದೇವೆ. ಉತ್ತರ ಒಂದೇ ಬಂತಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಾರದು, ಮೂರರಲ್ಲೂ ಉತ್ತರ 240ಯೇ. ನೋಡಬೇಕಾದದ್ದು ಸಂಬಂಧವನ್ನು ಯಾವ ರೂಪದಲ್ಲಿ ಹೇಳಿದ್ದೇವೆ ಎಂಬುದನ್ನು. ಈ ಕೆಲಸಕ್ಕೆ ದೊಡ್ಡ ಸಮಿತಿ ಬೇಕಾಗಿಲ್ಲ. ಒಂದು ಪ್ರಶ್ನೆಗೆ ಕೆಲವು ನಿಮಿಷ ಸಾಕು.

ಇದಾದ ಮೇಲೆ ಮಕ್ಕಳ ಮುಂದೆ ಇಟ್ಟು ನೋಡಬೇಕು. ಒಂದೇ ತರಗತಿಯ ಅರ್ಧ ಮಕ್ಕಳಿಗೆ ಮೂಲ ಪ್ರಶ್ನೆ, ಇನ್ನರ್ಧಕ್ಕೆ ತಿದ್ದಿದ್ದು. ಯಾರಿಗೆ ಯಾವುದು ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ಇಲ್ಲದಿದ್ದರೆ ನಮಗೇ ಗೊತ್ತಿಲ್ಲದಂತೆ ಚುರುಕಿನ ಮಕ್ಕಳನ್ನು ಒಂದು ಕಡೆ ಹಾಕಿಬಿಡುತ್ತೇವೆ. ಶಾಲೆಯ ಭಾಷೆಯನ್ನೇ ಮನೆಯಲ್ಲೂ ಆಡುವ ಮಕ್ಕಳಲ್ಲಿ ಎರಡೂ ರೂಪಕ್ಕೆ ಹೆಚ್ಚುಕಡಿಮೆ ಒಂದೇ ಫಲಿತಾಂಶ ಬಂದು, ಎರಡನೆಯ ಭಾಷೆಯವರಲ್ಲಿ ತಿದ್ದಿದ ರೂಪಕ್ಕೆ ಹೆಚ್ಚು ಸರಿ ಉತ್ತರ ಬಂದರೆ, ನಾವು ತೆಗೆದದ್ದು ಭಾಷೆಯ ಅಡ್ಡಿಯನ್ನೇ ಎನ್ನಬಹುದು. ಎರಡೂ ಗುಂಪಿಗೆ ಒಂದೇ ರೀತಿ ತುಂಬ ಸುಲಭವಾಗಿಬಿಟ್ಟರೆ ಅನುಮಾನ ಪಡಬೇಕು. ಒಂದೋ ಲೆಕ್ಕವೇ ಹಗುರವಾಗಿದೆ, ಇಲ್ಲವೇ ಮೂಲ ಪ್ರಶ್ನೆ ಯಾರಿಗೂ ಅರ್ಥವಾಗದ ಹಾಗೆ ಇತ್ತು. ಯಾವುದು ಎಂದು ಮೊದಲು ಬರೆದಿಟ್ಟ ಕಾಗದ ಹೇಳುತ್ತದೆ. ತಪ್ಪು ಉತ್ತರಗಳನ್ನೂ ನೋಡಬೇಕು. ತಿದ್ದಿದ ರೂಪದಲ್ಲಿ 97 ಮತ್ತು 300 ಕಡಿಮೆಯಾಗಿ, 360 ಇನ್ನೂ ಉಳಿದಿದ್ದರೆ ನನಗೆ ಸಂತೋಷ. ಭಾಷೆಯ ತಪ್ಪು ಹೋಗಿ ಗಣಿತದ ತಪ್ಪು ಮಾತ್ರ ಉಳಿದಿದೆ ಎಂದು ಅರ್ಥ. ಅದನ್ನು ಸರಿ ಮಾಡುವುದು ನನ್ನ ಕೆಲಸ, ನಾಳೆಯ ಪಾಠ ಎಲ್ಲಿಂದ ಶುರುಮಾಡಬೇಕು ಎಂದು ನನಗೆ ಗೊತ್ತಾಯಿತು.

ಇದರಿಂದ ಎಷ್ಟು ಲಾಭ ಎಂದು ನೀವು ಕೇಳಬಹುದು. ಅಬೇದಿ ಮತ್ತು ಲಾರ್ಡ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದ ಗಣಿತ ಪ್ರಶ್ನೆಗಳನ್ನು ತೆಗೆದುಕೊಂಡು, ಲೆಕ್ಕವನ್ನು ಹಾಗೇ ಬಿಟ್ಟು, ಭಾಷೆಯನ್ನು ಮಾತ್ರ ತಿದ್ದಿ, ಎಂಟನೆಯ ತರಗತಿಯ 1,174 ಮಕ್ಕಳಿಗೆ ಕೊಟ್ಟರು. ತಿದ್ದಿದ ಪ್ರಶ್ನೆಗಳಲ್ಲಿ ಅಂಕ ಸ್ವಲ್ಪ ಹೆಚ್ಚಾಯಿತು. ಸ್ವಲ್ಪವೇ, ದೊಡ್ಡ ಜಿಗಿತ ಅಲ್ಲ. ಆದರೆ ಆ ಹೆಚ್ಚಳ ಎಲ್ಲರಲ್ಲೂ ಒಂದೇ ಸಮ ಇರಲಿಲ್ಲ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದವರಲ್ಲಿ, ಬಡ ಮನೆಗಳ ಮಕ್ಕಳಲ್ಲಿ, ಗಣಿತದ ಮೇಲಿನ ಹಂತದ ತರಗತಿಗಳಲ್ಲಿ ಇಲ್ಲದವರಲ್ಲಿ ಅದು ಹೆಚ್ಚಾಗಿ ಕಂಡಿತು.

ಲಾಭ ಸಣ್ಣದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಪ್ರಶ್ನೆಯ ಭಾಷೆ ತಿದ್ದಿದ ಮಾತ್ರಕ್ಕೆ ಭಿನ್ನರಾಶಿ ಬಾರದ ಮಗುವಿಗೆ ಭಿನ್ನರಾಶಿ ಬರುವುದಿಲ್ಲ. ಶಾಲೆಯ ಭಾಷೆ ಈಗಷ್ಟೇ ಕಿವಿಗೆ ಬೀಳುತ್ತಿರುವ ಮಗುವಿಗೆ ಎಷ್ಟು ಸರಳ ವಾಕ್ಯವೂ ಸಾಲದು. ಅದಕ್ಕೆ ಮನೆಮಾತಿನಲ್ಲೇ ಪ್ರಶ್ನೆ ಬೇಕು, ಇಲ್ಲವೇ ಯಾರಾದರೂ ಓದಿ ಹೇಳಬೇಕು. ಸರಳ ಭಾಷೆ ಹೆಚ್ಚು ಉಪಯೋಗವಾಗುವುದು ನಡುವಿನವರಿಗೆ: ಮಾತು ಬರುತ್ತದೆ, ಪುಸ್ತಕದ ಭಾಷೆ ಇನ್ನೂ ಬಂದಿಲ್ಲ. ಅಂಥ ಮಕ್ಕಳೇ ನಮ್ಮ ತರಗತಿಗಳಲ್ಲಿ ಜಾಸ್ತಿ. ಅವರೇ ‘ಗಣಿತದಲ್ಲಿ ಹಿಂದೆ’ ಎಂಬ ಪಟ್ಟಿಗೆ ಸೇರಿಬಿಡುವವರೂ ಹೌದು.

ಮಟ್ಟ ಇಳಿಯುತ್ತದೆ ಎಂಬ ಆಕ್ಷೇಪಕ್ಕೆ ಮೇಲಿನ ಲೆಕ್ಕವೇ ಉತ್ತರ, ಇನ್ನೊಮ್ಮೆ ವಾದಿಸುವುದಿಲ್ಲ. ‘ಮಕ್ಕಳು ಕಷ್ಟದ ಭಾಷೆಯನ್ನೂ ಒಂದು ದಿನ ಓದಲೇಬೇಕಲ್ಲ’ ಎನ್ನುವ ಮಾತಿನಲ್ಲಿ ಮಾತ್ರ ಸತ್ಯವಿದೆ. ಓದಲೇಬೇಕು. ಅದನ್ನು ಕಲಿಸುವ ಜಾಗ ತರಗತಿ. ಸರಳ ರೂಪವನ್ನು ಮೊದಲು ಬಿಡಿಸಿ, ಆಮೇಲೆ ಅದೇ ಲೆಕ್ಕದ ಉದ್ದ ವಾಕ್ಯವನ್ನು ಕೊಟ್ಟು ‘ಇದರಲ್ಲಿ 60 ಯಾವುದಕ್ಕೆ ಸೇರಿದ್ದು, ತೋರಿಸು’ ಎಂದು ಕೇಳಿದರೆ ಮಕ್ಕಳು ಆಸೆಯಿಂದ ಹುಡುಕುತ್ತಾರೆ, ಯಾಕೆಂದರೆ ಅರ್ಥ ಆಗಲೇ ಕೈಯಲ್ಲಿದೆ. ಪಠ್ಯಪುಸ್ತಕದಲ್ಲಿ ಹಾಗೆ ಎರಡೂ ರೂಪ ಇರಲಿ. ಗಣಿತ ಗೊತ್ತಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಉದ್ದ ರೂಪಕ್ಕೆ ಕೆಲಸವಿಲ್ಲ. ಭಾಷೆಯ ಪರೀಕ್ಷೆ ಬೇರೆಯೇ ಇದೆಯಲ್ಲ, ಅದರ ಅಂಕ ಅಲ್ಲೇ ಬರಲಿ.

ಇನ್ನೂ ಒಂದು ಮಾತು. ಸರಳ ಪ್ರಶ್ನೆಪತ್ರಿಕೆ ಎಂದು ಈ ಮಕ್ಕಳಿಗೆ ಬೇರೆಯದನ್ನು ಮಾಡಬೇಡಿ. ಬೇರೆ ಪತ್ರಿಕೆ ಎಂದ ಕೂಡಲೇ ಅದು ಸುಲಭದ ಪತ್ರಿಕೆ ಎಂಬ ಹೆಸರು ಪಡೆಯುತ್ತದೆ, ಬರೆದವರ ಅಂಕಕ್ಕೂ ಬೆಲೆ ಇಳಿಯುತ್ತದೆ. ಲೆಕ್ಕ ಒಂದೇ ಆಗಿರುವಾಗ ಸ್ಪಷ್ಟವಾಗಿ ಬರೆದ ಅದೇ ಪತ್ರಿಕೆ ಎಲ್ಲರಿಗೂ ಇರಲಿ. ಭಾಷೆ ಚೆನ್ನಾಗಿ ಬರುವ ಮಗುವಿಗೆ ಅದರಿಂದ ಏನೂ ನಷ್ಟವಿಲ್ಲ.

ನಾನು ಕೇಳುವುದು ಮೂರು ಕೆಲಸ. ಪ್ರತಿ ವಾಕ್ಯರೂಪದ ಲೆಕ್ಕದ ಜೊತೆಗೆ, ಅದರಲ್ಲಿ ಪರೀಕ್ಷಿಸುತ್ತಿರುವ ಗಣಿತ ಯಾವುದು ಎಂದು ಬರೆದವರು ಎರಡು ಸಾಲಿನಲ್ಲಿ ಬರೆದಿಡಲಿ, ಸಂಬಂಧಗಳನ್ನು ಸಮೀಕರಣದಲ್ಲಿ ತೋರಿಸಲಿ. ಆ ಎರಡು ಸಾಲಿನಲ್ಲಿ ಇಲ್ಲದ ಯಾವ ಕಷ್ಟವೂ ಪ್ರಶ್ನೆಯಲ್ಲಿ ಇರಬಾರದು, ಇರುವ ಯಾವ ಕಷ್ಟವೂ ತಿದ್ದುವಾಗ ಹೋಗಬಾರದು. ಎರಡನೆಯದು, ಅಚ್ಚಿಗೆ ಹೋಗುವ ಮುಂಚೆ ಎರಡನೆಯ ಭಾಷೆಯಲ್ಲಿ ಕಲಿಯುವ ಕೆಲವು ಮಕ್ಕಳಿಂದ ಪ್ರಶ್ನೆಯನ್ನು ಓದಿಸಿ, ‘ಏನು ಕೇಳಿದ್ದಾರೆ’ ಎಂಬ ಒಂದೇ ಪ್ರಶ್ನೆ ಕೇಳಿಸಿ. ಉತ್ತರ ಬಿಡಿಸಲು ಹೇಳುವುದೂ ಬೇಡ. ಬೇರೆ ಬೇರೆ ಮಕ್ಕಳು ಬೇರೆ ಬೇರೆ ಹೇಳಿದರೆ ವಾಕ್ಯ ವಾಪಸ್ ಹೋಗಲಿ. ಮೂರನೆಯದು, ಪರಿಶೀಲನಾ ಸಮಿತಿಯಲ್ಲಿ ಗಣಿತ ತಿಳಿದವರ ಜೊತೆ ಇಂಥ ಮಕ್ಕಳಿಗೆ ಪಾಠ ಮಾಡುವ ಒಬ್ಬ ಶಿಕ್ಷಕರಾದರೂ ಇರಲಿ, ಅವರ ಆಕ್ಷೇಪಕ್ಕೆ ಲಿಖಿತ ಉತ್ತರ ಸಿಗಲಿ.

ಪುಸ್ತಕದ ಎಲ್ಲ ಲೆಕ್ಕಗಳನ್ನೂ ಒಮ್ಮೆಗೇ ತಿದ್ದುವುದು ಕಷ್ಟ ಎಂದು ನನಗೆ ಗೊತ್ತು. ಹೋಲಿಕೆಯ ಲೆಕ್ಕಗಳಿಂದ ಶುರುಮಾಡಿ, ಅಂದರೆ ‘ಹೆಚ್ಚು’, ‘ಕಡಿಮೆ’, ‘ಪಟ್ಟು’ ಬರುವಂಥವು. ಭಾಷೆ ಮತ್ತು ಗಣಿತ ಅತಿ ಹೆಚ್ಚು ಬೆರೆತುಕೊಂಡಿರುವುದು ಅಲ್ಲಿಯೇ, ತಿದ್ದುವಾಗ ಕೆಡುವ ಭಯವೂ ಅಲ್ಲೇ ಜಾಸ್ತಿ. ಒಂದು ಅಧ್ಯಾಯದ ಅಂಥ ಲೆಕ್ಕಗಳನ್ನು ಕಳುಹಿಸಿಕೊಟ್ಟರೆ, ಮೇಲೆ ಹೇಳಿದ ಹಾಗೆ ಎರಡೂ ರೂಪಗಳನ್ನು ನನ್ನ ತರಗತಿಯಲ್ಲಿ ಕೊಟ್ಟು, ಯಾವ ತಪ್ಪು ಉತ್ತರ ಎಷ್ಟು ಮಕ್ಕಳಿಂದ ಬಂತು ಎಂಬ ಪಟ್ಟಿಯನ್ನು ಮಕ್ಕಳ ಹೆಸರಿಲ್ಲದೆ ನಿಮಗೆ ಕಳುಹಿಸಲು ನಾನು ಸಿದ್ಧಳಿದ್ದೇನೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ